ಕಥೆ ನೆನಪಿದೆ, ಕೇಳಿದವರು ನೆನಪಿಲ್ಲ

(ವಯಸ್ಸಾದವರೊಡನೆ ಬಾಳುತ್ತಿರುವ ಕುಟುಂಬಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ಮನೆಯ ಹಿರಿಯರು ಹಿಂದೆ ಹೇಳಿದ ಕಥೆಯನ್ನೇ ಮತ್ತೆ ಹೇಳತೊಡಗಿದಾಗ ಕೇಳುವವರಲ್ಲಿ ಮೊದಲು ಬೇಸರವೂ, ಅದರ ಬೆನ್ನಿಗೇ ಒಂದು ಆತಂಕವೂ ಹುಟ್ಟುತ್ತವೆ. ಇವರ ನೆನಪು ಕುಂದುತ್ತಿದೆಯೇ ಎಂಬ ಆ ಆತಂಕವನ್ನು ನಾವು ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಒಮ್ಮೆ ಹುಟ್ಟಿತೆಂದರೆ ಆಮೇಲೆ ನಾವು ಕಥೆಯನ್ನು ಕೇಳುವುದನ್ನು ಬಿಟ್ಟು ಕಥೆ ಹೇಳುವವರನ್ನು ಪರೀಕ್ಷಿಸತೊಡಗುತ್ತೇವೆ. ಇಂದು ನಾನು ಮಾತನಾಡಬೇಕೆಂದಿರುವುದು ಈ ಆತಂಕದ ಬಗ್ಗೆ. ಕಥೆಯನ್ನೇ ಮರೆತವರು ಅದನ್ನು ಪದ ತಪ್ಪದಂತೆ ಮತ್ತೆ ಹೇಳಲಾರರು. ಹಾಗಾದರೆ ಇಲ್ಲಿ ಮರೆತುಹೋಗಿರುವುದು ಏನು, ಮತ್ತು ಮರೆಯದೆ ಉಳಿದಿರುವುದು ಏಕೆ ಉಳಿದಿದೆ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಥೆಯನ್ನು ಮುಂದಿಟ್ಟುಕೊಳ್ಳೋಣ. ಇದು ಯಾರ ಮನೆಯಿಂದಲೂ ತಂದದ್ದಲ್ಲ, ವಿವರಣೆಗಾಗಿ ನಾನೇ ಕಟ್ಟಿಕೊಂಡದ್ದು. ಎಂಬತ್ತು ದಾಟಿದ ತಾತ ಒಬ್ಬರಿದ್ದಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಮೊದಲ ಕೆಲಸದ ಸಂದರ್ಶನಕ್ಕೆಂದು ದೂರದ ಪಟ್ಟಣಕ್ಕೆ ಹೊರಟಿದ್ದರು. ಕೊನೆಯ ಬಸ್ಸು ತಪ್ಪಿಹೋಯಿತು. ರಾತ್ರಿಯ ರಸ್ತೆಯಲ್ಲಿ ಲಾರಿಯೊಂದು ನಿಂತಿತು, ಚಾಲಕ ಅವರನ್ನು ಹತ್ತಿಸಿಕೊಂಡ, ಬೆಳಗಾಗುವ ಹೊತ್ತಿಗೆ ಪಟ್ಟಣದಲ್ಲಿ ಇಳಿಸಿದ, ಕೊಡಹೋದ ದುಡ್ಡನ್ನು ಮುಟ್ಟಲಿಲ್ಲ. ಕೆಲಸ ಸಿಕ್ಕಿತು. ಕಥೆ ಪ್ರತಿ ಸಲವೂ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: “ಅವನ ಹೆಸರನ್ನಾದರೂ ಕೇಳಬೇಕಾಗಿತ್ತು.” ಮನೆಯ ಎಲ್ಲರಿಗೂ ಈ ವಾಕ್ಯ ಬಾಯಿಪಾಠವಾಗಿದೆ. ತಾತ ಬಾಯಿ ತೆರೆಯುವ ಮೊದಲೇ ಮೊಮ್ಮಕ್ಕಳು ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ.

ಮೊದಲನೆಯ ಪ್ರಶ್ನೆಯನ್ನು ನೋಡೋಣ. ತಾತನಿಗೆ ಘಟನೆ ನೆನಪಿದೆ, ಅದರ ಕ್ರಮ ನೆನಪಿದೆ, ಕೊನೆಯ ವಾಕ್ಯವೂ ನೆನಪಿದೆ. ನೆನಪಿಲ್ಲದಿರುವುದು ಒಂದೇ: ಇದನ್ನು ಯಾರಿಗೆ ಹೇಳಿದ್ದೇನೆ ಎಂಬುದು. ನೆನಪಿನ ಅಧ್ಯಯನಕಾರರು ಇದನ್ನು ಬೇರೆಯೇ ಒಂದು ಬಗೆಯ ನೆನಪೆಂದು ಗುರುತಿಸಿ ‘ಡೆಸ್ಟಿನೇಷನ್ ಮೆಮೊರಿ’ ಎಂದು ಕರೆದಿದ್ದಾರೆ. ಒಂದು ಸಂಗತಿ ನಮಗೆ ಎಲ್ಲಿಂದ ಬಂತು, ಯಾರು ಹೇಳಿದರು ಎಂಬ ನೆನಪು ಬೇರೆ. ಅದಕ್ಕೆ ‘ಸೋರ್ಸ್ ಮೆಮೊರಿ’ ಎಂಬ ಹೆಸರಿದೆ. ಒಂದು ಒಳಬಂದ ಮಾತಿನ ನೆನಪು, ಇನ್ನೊಂದು ಹೊರಹೋದ ಮಾತಿನ ನೆನಪು. ಎರಡೂ ಒಂದೇ ಬಲದವಾಗಿರುತ್ತವೆ ಎಂದು ನಾವು ಸಹಜವಾಗಿಯೇ ಭಾವಿಸುತ್ತೇವೆ, ಆದರೆ ಹಾಗಿಲ್ಲ.

2009ರಲ್ಲಿ ನೈಜೆಲ್ ಗೋಪಿ ಮತ್ತು ಕಾಲಿನ್ ಮೆಕ್ಲಿಯೋಡ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದ ವಿನ್ಯಾಸ ಸರಳವಾಗಿತ್ತು. ಭಾಗವಹಿಸಿದವರು ಎಳೆಯ ವಯಸ್ಸಿನ ವಿದ್ಯಾರ್ಥಿಗಳು, ಇದನ್ನು ನೆನಪಿಟ್ಟುಕೊಳ್ಳಿ. ಒಂದು ಗುಂಪು ಸಣ್ಣ ಸಣ್ಣ ಸಂಗತಿಗಳನ್ನು ಪ್ರಸಿದ್ಧ ವ್ಯಕ್ತಿಗಳ ಭಾವಚಿತ್ರಗಳಿಗೆ ಒಂದೊಂದಾಗಿ ಹೇಳಬೇಕಿತ್ತು. ಇನ್ನೊಂದು ಗುಂಪು ಅಂಥವೇ ಸಂಗತಿಗಳನ್ನು ಆ ಚಿತ್ರಗಳಿಂದ ಕೇಳಿಸಿಕೊಂಡಂತೆ ಸ್ವೀಕರಿಸಬೇಕಿತ್ತು. ಆಮೇಲೆ ಯಾವ ಸಂಗತಿ ಯಾವ ಮುಖದೊಡನೆ ಸೇರಿತ್ತು ಎಂದು ಕೇಳಲಾಯಿತು. ಹೇಳಿದವರು ಕೇಳಿದವರಿಗಿಂತ ಹೆಚ್ಚು ತಪ್ಪಿದರು. ಹೇಳಬೇಕಾದದ್ದು ಹೇಳುವವರ ಸ್ವಂತ ಬದುಕಿನ ಸಂಗತಿಯಾಗಿದ್ದಾಗ ತಪ್ಪು ಇನ್ನಷ್ಟು ಬೆಳೆಯಿತು. ಗಮನವನ್ನು ತಮ್ಮಿಂದ ಎದುರಿನ ಮುಖದ ಕಡೆಗೆ ತಿರುಗಿಸುವಂತೆ ಮಾಡಿದಾಗ ನೆನಪು ಸುಧಾರಿಸಿತು.

ಇದರ ಕಾರಣವನ್ನು ನಾವು ನಮ್ಮಲ್ಲೇ ಕಂಡುಕೊಳ್ಳಬಹುದು. ಮಾತನಾಡುವಾಗ ಗಮನವೆಲ್ಲ ಒಳಗೆ ದುಡಿಯುತ್ತಿರುತ್ತದೆ: ಮುಂದಿನ ವಾಕ್ಯ ಯಾವುದು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು. ಎದುರಿನ ಮುಖ ಕಣ್ಣಿಗೆ ಕಾಣುತ್ತಿದ್ದರೂ ಅದು ಮಾತಿನೊಡನೆ ಬೆಸೆದುಕೊಳ್ಳುವುದಿಲ್ಲ. ನೆನಪು ಉಳಿಯಬೇಕಾದರೆ ‘ಈ ಮಾತು’ ಮತ್ತು ‘ಈ ವ್ಯಕ್ತಿ’ ಎಂಬ ಎರಡು ಬಿಡಿ ಸಂಗತಿಗಳ ನಡುವೆ ಒಂದು ಕೊಂಡಿ ಬೀಳಬೇಕು. ಸ್ವಂತ ಕಥೆಯನ್ನು ಹೇಳುವಾಗ ಮನುಷ್ಯ ಅತ್ಯಂತ ಹೆಚ್ಚು ಒಳಮುಖಿಯಾಗಿರುತ್ತಾನೆ, ಆದ್ದರಿಂದ ಅತ್ಯಂತ ಸಡಿಲವಾದ ಕೊಂಡಿ ಬೀಳುವುದೂ ಆಗಲೇ.

ವಯಸ್ಸಿನ ಪಾತ್ರ ಬರುವುದು ಇಲ್ಲಿ. ಎರಡು ಬಿಡಿ ಸಂಗತಿಗಳನ್ನು ಒಂದಕ್ಕೊಂದು ಬೆಸೆಯುವ ಸಾಮರ್ಥ್ಯವು ಆರೋಗ್ಯವಂತ ಮುಪ್ಪಿನಲ್ಲಿಯೂ ತಗ್ಗುತ್ತದೆ. ಬಿಡಿ ಸಂಗತಿಗಳು ಉಳಿಯುತ್ತವೆ, ಕೊಂಡಿ ಉಳಿಯುವುದಿಲ್ಲ. ಅದೇ ಗೋಪಿಯವರು ಫರ್ಗಸ್ ಕ್ರೇಕ್ ಮತ್ತು ಲಿನ್ ಹ್ಯಾಷರ್ ಅವರೊಡನೆ ಸೇರಿ 2010ರಲ್ಲಿ ಎಳೆಯರನ್ನೂ ಅರವತ್ತು ದಾಟಿದ ಆರೋಗ್ಯವಂತ ಹಿರಿಯರನ್ನೂ ಹೋಲಿಸಿದಾಗ, ಯಾರಿಗೆ ಏನು ಹೇಳಿದೆ ಎಂಬುದನ್ನು ನೆನಪಿಟ್ಟುಕೊಳ್ಳುವುದರಲ್ಲಿ ಹಿರಿಯರು ಸ್ಪಷ್ಟವಾಗಿ ಹಿಂದೆ ಬಿದ್ದರು. ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಜೊತೆಯಲ್ಲಿ ಕಂಡ ಇನ್ನೊಂದು ಅಂಶ: ತಪ್ಪಿದಾಗಲೂ ಹಿರಿಯರಿಗೆ ತಮ್ಮ ಉತ್ತರದ ಬಗ್ಗೆ ಗಟ್ಟಿ ವಿಶ್ವಾಸವಿತ್ತು. “ಇದನ್ನು ನಾನು ನಿನಗೆ ಹೇಳಿಯೇ ಇಲ್ಲ” ಎಂದು ತಾತ ಖಡಾಖಂಡಿತವಾಗಿ ಹೇಳಿದರೆ ಅದು ಹಟವಲ್ಲ. ಅವರ ಮನಸ್ಸಿನಲ್ಲಿ ಹೇಳಿದ್ದರ ಗುರುತೇ ಇಲ್ಲ, ಇಲ್ಲದ ಗುರುತನ್ನು ಅನುಮಾನಿಸಲು ಅವರಿಗೆ ಕಾರಣವೂ ಇಲ್ಲ. ಆದ್ದರಿಂದ ‘ಹೇಳಿದ್ದೀರಿ’, ‘ಇಲ್ಲ’ ಎಂಬ ವಾದ ಎಂದೂ ಬಗೆಹರಿಯುವುದಿಲ್ಲ.

ಇದಕ್ಕೆ ಸಾಮಾಜಿಕವಾದ ಒಂದು ಸಣ್ಣ ಲೆಕ್ಕವನ್ನೂ ಸೇರಿಸಬೇಕು. ತಾತನಿಗೆ ಇಬ್ಬರು ಮಕ್ಕಳು, ಐವರು ಮೊಮ್ಮಕ್ಕಳು, ಒಬ್ಬ ತಮ್ಮ, ಮೂವರು ಸ್ನೇಹಿತರು ಇದ್ದಾರೆಂದು ಇಟ್ಟುಕೊಳ್ಳಿ. ಒಟ್ಟು ಹನ್ನೊಂದು ಮಂದಿ ಕೇಳುಗರು. ಮೊಮ್ಮಗಳ ಪಾಲಿಗೆ ತಾತ ಒಬ್ಬರೇ, ಲಾರಿಯ ಕಥೆಯೂ ಒಂದೇ, ಆದ್ದರಿಂದ ಎಷ್ಟನೆಯ ಸಲ ಎಂಬುದು ಅವಳಿಗೆ ಥಟ್ಟನೆ ಗೊತ್ತಾಗುತ್ತದೆ. ತಾತ ಮಾತ್ರ ಹನ್ನೊಂದು ಬೇರೆ ಬೇರೆ ಖಾತೆಗಳನ್ನು ಇಟ್ಟುಕೊಳ್ಳಬೇಕು. ಅದರ ಮೇಲೆ, ಕೇಳುಗರು ಮರ್ಯಾದೆಗೆಂದು ಪ್ರತಿ ಸಲವೂ ಒಂದೇ ರೀತಿ ತಲೆಯಾಡಿಸುತ್ತಾರೆ. ಕಥೆ ಹೇಳಿದ ಸಂದರ್ಭಕ್ಕೆ ಅದರದೇ ಆದ ಗುರುತು ಬೀಳಬೇಕಾದರೆ ಅಲ್ಲಿ ಏನಾದರೂ ಆಗಬೇಕು: ಒಂದು ಪ್ರಶ್ನೆ, ಒಂದು ವಿರೋಧ, ಒಂದು ನಗು. ಏನೂ ಆಗದ ಸಂದರ್ಭಗಳು ಒಂದರಲ್ಲೊಂದು ಕರಗಿಹೋಗುತ್ತವೆ. ನಮ್ಮ ಸಭ್ಯವಾದ ಮೌನವೇ ಮುಂದಿನ ಪುನರಾವರ್ತನೆಗೆ ಸ್ವಲ್ಪ ಮಟ್ಟಿಗೆ ಕಾರಣವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲ ಪುನರಾವರ್ತನೆಯೂ ಮರೆವಲ್ಲ. “ನಿನಗೆ ಹೇಳಿರಬಹುದು, ಆದರೂ ಕೇಳು” ಎಂದು ಆರಂಭಿಸುವ ಹಿರಿಯರನ್ನು ನೀವೆಲ್ಲರೂ ಬಲ್ಲಿರಿ. ಅವರಿಗೆ ಗೊತ್ತಿದೆ. ಗೊತ್ತಿದ್ದೂ ಹೇಳುತ್ತಾರೆ. ಇಲ್ಲಿಂದ ನಾವು ಎರಡನೆಯ ಪ್ರಶ್ನೆಗೆ ಬರುತ್ತೇವೆ: ಇಷ್ಟು ದೀರ್ಘವಾದ ಬದುಕಿನಲ್ಲಿ ಈ ಕಥೆಯೇ ಏಕೆ?

ಇದಕ್ಕೆ ಒಂದು ಭಾಗದ ಉತ್ತರ ವಯಸ್ಸಿನಲ್ಲಿದೆ. ನಲವತ್ತು, ಐವತ್ತು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿರೆಂದು ಕೇಳಿ, ಪ್ರತಿ ನೆನಪೂ ಯಾವ ವಯಸ್ಸಿನದೆಂದು ಗುರುತಿಸಿದರೆ, ಇತ್ತೀಚಿನ ವರ್ಷಗಳನ್ನು ಬಿಟ್ಟು ಉಳಿದವುಗಳಲ್ಲಿ ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಎದ್ದು ಕಾಣುವಷ್ಟು ಹೆಚ್ಚಾಗಿರುತ್ತವೆ. ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಇದನ್ನು ತೋರಿಸಿದರು. ನಕ್ಷೆಯಲ್ಲಿ ಅದು ಉಬ್ಬಿನಂತೆ ಕಾಣುವುದರಿಂದ ‘ರೆಮಿನಿಸೆನ್ಸ್ ಬಂಪ್’ ಎಂದು ಹೆಸರಾಯಿತು. ಕಾರಣ ಯಾವುದೆಂಬ ಬಗ್ಗೆ ಹಲವು ವಿವರಣೆಗಳಿವೆ. ಮೊದಲ ಕೆಲಸ, ಮೊದಲ ಪ್ರೀತಿ, ಮನೆ ಬಿಟ್ಟ ಮೊದಲ ರಾತ್ರಿ ಇವೆಲ್ಲ ಹೊಸವಾದ್ದರಿಂದ ಆಳವಾಗಿ ಅಚ್ಚೊತ್ತುತ್ತವೆ ಎಂಬುದು ಒಂದು. ‘ನಾನು ಯಾರು’ ಎಂಬುದು ರೂಪುಗೊಳ್ಳುವುದು ಆ ವಯಸ್ಸಿನಲ್ಲಿ, ಆದ್ದರಿಂದ ಆ ಗುರುತನ್ನು ಕಟ್ಟಿಕೊಟ್ಟ ನೆನಪುಗಳು ಬದುಕಿನುದ್ದಕ್ಕೂ ಬಳಕೆಯಲ್ಲಿರುತ್ತವೆ ಎಂಬುದು ಇನ್ನೊಂದು. ಬದುಕು ಹೇಗೆ ಸಾಗಬೇಕೆಂದು ಸಮಾಜ ಹಾಕಿಕೊಟ್ಟ ನಕ್ಷೆಯಲ್ಲಿ ಮುಖ್ಯ ಘಟ್ಟಗಳೆಲ್ಲ ಆ ವಯಸ್ಸಿನಲ್ಲೇ ಬರುತ್ತವೆ, ನೆನಪು ಹುಡುಕುವಾಗ ಮನಸ್ಸು ಆ ನಕ್ಷೆಯನ್ನೇ ಅನುಸರಿಸುತ್ತದೆ ಎಂಬುದು ಮತ್ತೊಂದು. ಇವು ಒಂದನ್ನೊಂದು ತಳ್ಳಿಹಾಕುವ ವಿವರಣೆಗಳಲ್ಲ. ನಮ್ಮ ತಾತನ ಹತ್ತೊಂಬತ್ತನೆಯ ವಯಸ್ಸು ಮೂರಕ್ಕೂ ಹೊಂದುತ್ತದೆ.

ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ತಾತನ ಬದುಕಿನಲ್ಲಿ ಇನ್ನೂ ನೂರು ಸಂಗತಿಗಳು ನಡೆದಿರಬೇಕು. ಅವುಗಳಲ್ಲಿ ಇದೊಂದು ಮುಂದೆ ಬಂದದ್ದು ಹೇಳಿ ಹೇಳಿಯೇ. ನೆನಪಿನಿಂದ ಒಂದು ಸಂಗತಿಯನ್ನು ಹೊರತೆಗೆದಾಗಲೆಲ್ಲ ಅದು ಮುಂದಿನ ಸಲ ಇನ್ನೂ ಸುಲಭವಾಗಿ ಸಿಗುವಂತಾಗುತ್ತದೆ. ಮೊದಲ ಸಲ ತಡವರಿಸುತ್ತ ಹೇಳಿದ ಘಟನೆ ಹತ್ತನೆಯ ಸಲಕ್ಕೆ ಆದಿ, ಮಧ್ಯ, ಅಂತ್ಯಗಳುಳ್ಳ ಕಥೆಯಾಗುತ್ತದೆ. ಐವತ್ತನೆಯ ಸಲಕ್ಕೆ ಪದಗಳೂ ನಿಲುಗಡೆಗಳೂ ಸ್ಥಿರವಾಗುತ್ತವೆ. ಹೀಗೆ ಸ್ಥಿರವಾದ ಕಥೆಯನ್ನು ಹೇಳಲು ಮುಪ್ಪಿನ ಮನಸ್ಸು ಹೆಚ್ಚು ಶ್ರಮಪಡಬೇಕಿಲ್ಲ. ಬ್ರಯಾನ್ ಲೆವಿನ್ ಮತ್ತು ಸಂಗಡಿಗರು 2002ರಲ್ಲಿ ಎಳೆಯರೂ ಹಿರಿಯರೂ ಹೇಳಿದ ಸ್ವಂತ ಬದುಕಿನ ಘಟನೆಗಳನ್ನು ವಿವರ ವಿವರವಾಗಿ ಬಿಡಿಸಿ ನೋಡಿದಾಗ, ಆ ಸ್ಥಳ, ಆ ಕ್ಷಣ, ಆಗ ಕಂಡದ್ದು, ಆಗ ಅನಿಸಿದ್ದು ಎಂಬಂಥ ವಿವರಗಳು ಹಿರಿಯರ ಕಥನದಲ್ಲಿ ಕಡಿಮೆಯಿದ್ದು, ಘಟನೆಯ ಹಿನ್ನೆಲೆ ಮತ್ತು ಸಾಮಾನ್ಯ ತಿಳಿವಳಿಕೆಯ ಮಾತುಗಳು ಹೆಚ್ಚಾಗಿರುವುದು ಕಂಡುಬಂತು. ಹೊಸ ವಿವರವನ್ನು ಅಗೆದು ತೆಗೆಯುವುದು ಕಷ್ಟವಾಗುತ್ತ ಹೋದಂತೆ ಸಿದ್ಧವಾಗಿರುವ ಕಥೆ ಹೆಚ್ಚು ಕೈಗೆ ಬರುವುದು ಸಹಜ.

ಕಿವಿ ಮಂದವಾದಾಗಲೂ ಹೀಗೆಯೇ ಆಗಬಹುದು, ಇದನ್ನು ಕುಟುಂಬಗಳು ಎಷ್ಟೋ ವೇಳೆ ಗಮನಿಸುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತನಾಡುವಲ್ಲಿ ಎಳೆ ಹಿಡಿಯಲು ಆಗದವರಿಗೆ ಮಾತಿನಲ್ಲಿ ಪಾಲ್ಗೊಳ್ಳಲು ಉಳಿದಿರುವ ದಾರಿ ತಾವೇ ಮಾತನಾಡುವುದು. ಕೇಳಿಸಿದ ಒಂದೇ ಒಂದು ಪದ, ‘ಬಸ್ಸು’ ಎಂಬುದು ಸಾಕು. ಲಾರಿಯ ಕಥೆ ಹೊರಬರುತ್ತದೆ.

ಹೇಳಿ ಹೇಳಿ ಗಟ್ಟಿಯಾದ ಕಥೆಗೆ ಒಂದು ನಷ್ಟವೂ ಇದೆ. ಒಂದು ಘಟನೆಯ ಕೆಲವು ಭಾಗಗಳನ್ನಷ್ಟೇ ಪದೇ ಪದೇ ನೆನಪಿಸಿಕೊಂಡರೆ, ಅದಕ್ಕೆ ಸಂಬಂಧಿಸಿದ, ಆದರೆ ನೆನಪಿಸಿಕೊಳ್ಳದ ಭಾಗಗಳು ಕೈಗೆ ಸಿಗುವುದು ಇನ್ನೂ ಕಷ್ಟವಾಗುತ್ತದೆ. 1994ರಲ್ಲಿ ಮೈಕೇಲ್ ಆಂಡರ್ಸನ್, ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ಪದಗಳ ಪಟ್ಟಿಗಳನ್ನು ಬಳಸಿ ಇದನ್ನು ತೋರಿಸಿದರು. ಮುಂದಿನ ಅಧ್ಯಯನಗಳಲ್ಲಿ ಇದು ಹೇಳುವವರಿಗೆ ಮಾತ್ರವಲ್ಲ, ಕೇಳುವವರಿಗೂ ಅನ್ವಯಿಸುತ್ತದೆ ಎಂದು ಕಂಡುಬಂತು: ಹೇಳುವವರು ಬಿಟ್ಟ ಭಾಗವನ್ನು ಕೇಳುವವರೂ ಮರೆಯತೊಡಗುತ್ತಾರೆ. ತಾತನ ಕಥೆಯಲ್ಲಿ ಬಸ್ಸು ತಪ್ಪಿದ್ದಕ್ಕೂ ಲಾರಿ ನಿಂತದ್ದಕ್ಕೂ ನಡುವೆ ಏನಾಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾರೂ ಕೇಳಿಲ್ಲ, ಏಕೆಂದರೆ ಅಲ್ಲೊಂದು ಖಾಲಿ ಜಾಗವಿದೆ ಎಂದು ಯಾರಿಗೂ ಅನಿಸಿಯೇ ಇಲ್ಲ.

ಈಗ ಅರ್ಥದ ಮಾತಿಗೆ ಬರುತ್ತೇನೆ. ಹಿರಿಯರು ಹಿಂದಿನದನ್ನು ಮೆಲುಕು ಹಾಕುವುದು ಮನಸ್ಸು ಸವೆಯುತ್ತಿರುವ ಲಕ್ಷಣ, ಅದನ್ನು ಪ್ರೋತ್ಸಾಹಿಸಬಾರದು ಎಂಬ ಅಭಿಪ್ರಾಯ ವೈದ್ಯರಲ್ಲಿಯೂ ಬಹುಕಾಲ ಚಾಲ್ತಿಯಲ್ಲಿತ್ತು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಲೇಖನವೊಂದು ಈ ಅಭಿಪ್ರಾಯವನ್ನು ನೇರವಾಗಿ ಎದುರಿಸಿತು. ಬದುಕಿನ ಅಂತ್ಯ ಹತ್ತಿರವಾಗುತ್ತಿದೆ ಎಂಬ ಅರಿವು ಮೂಡಿದಾಗ ಮನಸ್ಸು ಸಹಜವಾಗಿಯೇ ಹಿಂದಿನ ಅನುಭವಗಳನ್ನು, ವಿಶೇಷವಾಗಿ ಬಗೆಹರಿಯದೆ ಉಳಿದವುಗಳನ್ನು, ಮತ್ತೆ ಎದುರಿಗಿಟ್ಟುಕೊಂಡು ನೋಡುತ್ತದೆ. ಅದು ರೋಗವಲ್ಲ, ಕೆಲಸ ಎಂಬುದು ಅವರ ವಾದ. ಈ ಕ್ರಿಯೆಯನ್ನು ಅವರು ‘ಲೈಫ್ ರಿವ್ಯೂ’ ಎಂದು ಕರೆದರು. ಇದು ಎಲ್ಲರಲ್ಲಿಯೂ ನಡೆಯುತ್ತದೆ ಎಂಬ ಅವರ ಮಾತನ್ನು ಮುಂದಿನವರು ಪೂರ್ತಿಯಾಗಿ ಒಪ್ಪಲಿಲ್ಲ. ಎಷ್ಟೋ ಹಿರಿಯರು ಹೀಗೆ ಲೆಕ್ಕ ನೋಡದೆಯೇ ನೆಮ್ಮದಿಯಾಗಿರುತ್ತಾರೆ. ಆದರೆ ಬಗೆಹರಿಯದ್ದು ಮತ್ತೆ ಮತ್ತೆ ಬರುತ್ತದೆ ಎಂಬ ಅವರ ಒಳನೋಟ ನಮ್ಮ ತಾತನ ಕಥೆಯನ್ನು ಬಿಡಿಸಲು ಬಹಳ ನೆರವಾಗುತ್ತದೆ.

ಕಥೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಿ. ಕೆಲಸ ಸಿಕ್ಕಿತೆಂಬಲ್ಲಿ ಅದು ಮುಗಿಯಬಹುದಿತ್ತು. ಹಾಗೆ ಮುಗಿದಿದ್ದರೆ ಅದು ಗೆಲುವಿನ ಕಥೆಯಾಗುತ್ತಿತ್ತು. ಅದು ಮುಗಿಯುವುದು ಕೇಳದೆ ಬಿಟ್ಟ ಹೆಸರಿನಲ್ಲಿ, ಅಂದರೆ ತೀರಿಸಲಾಗದ ಒಂದು ಋಣದಲ್ಲಿ. ಆ ಮನುಷ್ಯನನ್ನು ಹುಡುಕಲು ಸಾಧ್ಯವಿಲ್ಲ, ಧನ್ಯವಾದ ತಲುಪಿಸಲು ವಿಳಾಸವಿಲ್ಲ. ತಲುಪಬೇಕಾದವನಿಗೆ ತಲುಪದ ಕೃತಜ್ಞತೆಯನ್ನು ತಾತ ಕೇಳಲು ಸಿಕ್ಕವರ ಮುಂದೆ ಇಡುತ್ತಿದ್ದಾರೆ. ಕೇಳಿದವರು ತಲೆಯಾಡಿಸುತ್ತಾರೆ, ಆದರೆ ಋಣ ತೀರುವುದಿಲ್ಲ, ಆದ್ದರಿಂದ ಕಥೆಯ ಕೆಲಸವೂ ಮುಗಿಯುವುದಿಲ್ಲ. ಪದೇ ಪದೇ ಬರುವ ಕಥೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಅದರ ಕೊನೆಯ ವಾಕ್ಯವನ್ನು ಮೊದಲು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಕೊನೆಯ ವಾಕ್ಯದ ಜೊತೆಗೆ ಕಥೆ ಹೊರಬಂದ ಸಂದರ್ಭವನ್ನೂ ನೋಡಬೇಕು. ಜೆಫ್ರಿ ವೆಬ್‌ಸ್ಟರ್ ಎಂಬ ಸಂಶೋಧಕರು 1993ರಲ್ಲಿ ಜನರು ಹಿಂದಿನದನ್ನು ನೆನಪಿಸಿಕೊಳ್ಳುವುದು ಯಾವ ಯಾವ ಉದ್ದೇಶಗಳಿಗಾಗಿ ಎಂಬುದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಕಲಿಸುವುದು, ಮಾತಿಗೆ ಮಾತು ಸೇರಿಸುವುದು, ತಾನು ಯಾರೆಂಬುದನ್ನು ದೃಢಪಡಿಸಿಕೊಳ್ಳುವುದು, ಈಗಿನ ತೊಡಕಿಗೆ ದಾರಿ ಹುಡುಕುವುದು, ಅಗಲಿದವರನ್ನು ಹತ್ತಿರ ಇರಿಸಿಕೊಳ್ಳುವುದು, ಸಾವಿಗೆ ಸಿದ್ಧವಾಗುವುದು, ಬೇಸರ ಕಳೆಯುವುದು, ಹಳೆಯ ಕಹಿಯನ್ನು ಮತ್ತೆ ಕೆದಕುವುದು, ಇವೆಲ್ಲ ಅದರಲ್ಲಿ ಸೇರಿವೆ. ಒಂದೇ ಕಥೆ ಇವುಗಳಲ್ಲಿ ಹಲವನ್ನು ಬೇರೆ ಬೇರೆ ದಿನ ಮಾಡಬಲ್ಲದು. ಪರೀಕ್ಷೆಯಲ್ಲಿ ಸೋತ ಮೊಮ್ಮಗನ ಎದುರು ತಾತ ಲಾರಿಯ ಕಥೆ ಹೇಳಿದರೆ, ಎಲ್ಲ ಮುಗಿಯಿತೆಂದುಕೊಂಡ ಮೇಲೂ ದಾರಿ ತೆರೆಯುತ್ತದೆ ಎಂಬುದು ಅದರ ತಿರುಳು. ಯಾರೋ ಅಪರಿಚಿತರನ್ನು ನಂಬಬಾರದೆಂದು ಮಗ ಹೇಳುತ್ತಿರುವಾಗ ಅದೇ ಕಥೆ ಬಂದರೆ ಅದು ಒಂದು ಭಿನ್ನಾಭಿಪ್ರಾಯ. ಆಸ್ಪತ್ರೆಯ ಹಾಸಿಗೆಯಲ್ಲಿ, ತಮ್ಮನ್ನು ನೋಡಿಕೊಳ್ಳುತ್ತಿರುವ ದಾದಿಗೆ ಹೇಳಿದರೆ ಅದು ಕೃತಜ್ಞತೆ, ಮತ್ತು ಬಹುಶಃ ಅವಳ ಹೆಸರನ್ನು ಕೇಳಲು ಒಂದು ದಾರಿ. ಪದಗಳು ಒಂದೇ ಆಗಿರುವುದರಿಂದ ಮಾತೂ ಒಂದೇ ಎಂದು ನಾವು ತಿಳಿಯುತ್ತೇವೆ. ಹೊರಗೆ ಬಂದ ಕಥೆಗಿಂತ ಒಂದು ನಿಮಿಷ ಮೊದಲು ಕೋಣೆಯಲ್ಲಿ ಯಾರು ಏನು ಹೇಳಿದರು ಎಂಬುದನ್ನು ಗಮನಿಸಿದರೆ ತಾತ ಏನು ಹೇಳುತ್ತಿದ್ದಾರೆಂಬುದು ತಿಳಿಯುತ್ತದೆ.

ಇನ್ನು, ಕೇಳುವವರು ಏನು ಮಾಡಬಹುದು? ಮೊಮ್ಮಗಳು ಒಂದು ದಿನ ತಲೆಯಾಡಿಸುವ ಬದಲು ಹೀಗೆ ಕೇಳಿದಳೆಂದು ಊಹಿಸಿ: “ತಾತ, ಬಸ್ಸು ತಪ್ಪಿದ ಮೇಲೆ ಲಾರಿ ಬರೋವರೆಗೂ ಏನು ಮಾಡ್ತಾ ಇದ್ರಿ?” ತಾತ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಸಿದ್ಧವಾದ ಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ, ಆದ್ದರಿಂದ ಅವರು ನಿಜವಾಗಿಯೂ ಹಿಂದಕ್ಕೆ ಹೋಗಿ ಹುಡುಕಬೇಕು. ಆಮೇಲೆ ಹೇಳುತ್ತಾರೆ: “ವಾಪಸ್ ಮನೆ ಕಡೆ ನಡೀತಾ ಇದ್ದೆ ಕಣಮ್ಮ. ಇನ್ನು ಆಗಲ್ಲ ಅಂತ ಬಿಟ್ಟುಬಿಟ್ಟಿದ್ದೆ. ಲಾರಿ ಎದುರಿಂದ ಬಂತು. ಈ ಹೊತ್ತಲ್ಲಿ ಎಲ್ಲಿಗೆ ಹೊರಟಿದ್ದೀಯ ಅಂತ ಅವನೇ ನಿಲ್ಲಿಸಿ ಕೇಳಿದ.”

ಈ ಒಂದು ವಿವರ ಇಡೀ ಕಥೆಯನ್ನು ಬದಲಿಸುತ್ತದೆ. ಚಾಲಕ ಕೇವಲ ಪ್ರಯಾಣಕ್ಕೆ ನೆರವಾದವನಲ್ಲ, ಕೈಚೆಲ್ಲಿ ಹಿಂದಿರುಗುತ್ತಿದ್ದ ಹುಡುಗನನ್ನು ತಿರುಗಿಸಿ ನಿಲ್ಲಿಸಿದವನು. ಋಣ ಅಷ್ಟು ಭಾರವಾಗಿರುವುದು ಏಕೆಂಬುದು ಈಗ ತಿಳಿಯುತ್ತದೆ. ತಾವು ಸೋಲೊಪ್ಪಿದ್ದೆವೆಂಬ ಭಾಗವನ್ನು ತಾತ ಆರಂಭದಲ್ಲಿ ನಾಚಿಕೆಯಿಂದ ಬಿಟ್ಟಿರಬಹುದು, ಆಮೇಲೆ ಬಿಟ್ಟು ಬಿಟ್ಟೇ ಅದು ಹಿಂದೆ ಸರಿದಿರಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೀಗೆ ಸಿಕ್ಕ ವಿವರ ನಡೆದದ್ದೇ ಎಂಬುದಕ್ಕೆ ಖಾತರಿಯಿಲ್ಲ. ನೆನಪೆಂದರೆ ಇಟ್ಟದ್ದನ್ನು ಇಟ್ಟ ಹಾಗೆಯೇ ತೆಗೆದುಕೊಡುವ ಪೆಟ್ಟಿಗೆಯಲ್ಲ, ಪ್ರತಿ ಸಲವೂ ಅದು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ಫ್ರೆಡೆರಿಕ್ ಬಾರ್ಟ್ಲೆಟ್ 1932ರಲ್ಲಿಯೇ ತೋರಿಸಿದ್ದರು. ಅಪರಿಚಿತವಾದ ಕಥೆಯೊಂದನ್ನು ಓದಿಸಿ, ಬೇರೆ ಬೇರೆ ಅವಧಿಯ ನಂತರ ಮತ್ತೆ ಮತ್ತೆ ಹೇಳಿಸಿದಾಗ, ಜನರು ಅರಿಯದೆಯೇ ಅದನ್ನು ತಮಗೆ ಒಪ್ಪುವ ಆಕಾರಕ್ಕೆ ತಂದಿದ್ದರು. ಪ್ರಶ್ನೆಯ ರೀತಿಯೂ ಉತ್ತರವನ್ನು ಎಳೆಯಬಲ್ಲದು. ಮೊಮ್ಮಗಳು “ಆಗ ತುಂಬಾ ಹೆದರಿಕೆ ಆಗಿತ್ತಲ್ವಾ?” ಎಂದು ಕೇಳಿದ್ದರೆ ತಾತ ಹೌದೆನ್ನುತ್ತಿದ್ದರು, ಮುಂದಿನ ಸಲ ಆ ಹೆದರಿಕೆ ಕಥೆಯೊಳಗೆ ಬಂದು ಕೂರುತ್ತಿತ್ತು. ‘ಏನು ಮಾಡುತ್ತಿದ್ದಿರಿ’, ‘ಆಮೇಲೆ ಏನಾಯಿತು’, ‘ಜೊತೆಯಲ್ಲಿ ಯಾರಿದ್ದರು’ ಎಂಬಂಥ ತೆರೆದ ಪ್ರಶ್ನೆಗಳು ಕಡಿಮೆ ಅಪಾಯದವು. ಬರೆದಿಡುವವರು ದಿನಾಂಕ ಹಾಕಿ ಬರೆದಿಡಲಿ. ಎರಡು ಸಲ ಎರಡು ರೀತಿ ಹೇಳಿದರೆ ಎರಡನ್ನೂ ಉಳಿಸಿಕೊಳ್ಳಲಿ, ಸರಿಪಡಿಸಲು ಹೋಗಬಾರದು.

ಪ್ರಶ್ನೆ ಕೇಳುವುದರಿಂದ ಇನ್ನೊಂದು ಉಪಯೋಗವೂ ಇದೆ. “ಲಾರಿ ವಿಷಯ ನೀವು ನನಗೆ ಹೇಳಿದ್ದೀರಿ ತಾತ, ಕೆಲಸಕ್ಕೆ ಸೇರಿದ ಮೊದಲ ದಿನ ಹೇಗಿತ್ತು?” ಎಂದರೆ ಕಥೆ ತಲುಪಿದೆ ಎಂಬ ಖಾತರಿಯೂ ಮುಂದೆ ಸಾಗಲು ದಾರಿಯೂ ಒಟ್ಟಿಗೆ ಸಿಗುತ್ತವೆ. ಬರಿದೇ “ಹೇಳಿದ್ದೀರಿ” ಎಂದು ನಿಲ್ಲಿಸಿದರೆ ಎದುರಿನವರಿಗೆ ಮುಟ್ಟುವುದು ‘ಸಾಕು’ ಎಂಬುದಷ್ಟೇ.

ಇದುವರೆಗೆ ಹೇಳಿದ್ದು ಆರೋಗ್ಯವಂತ ಮುಪ್ಪಿನ ಮಾತು. ಆತಂಕಕ್ಕೆ ನಿಜವಾದ ಕಾರಣವಿರುವ ಪುನರಾವರ್ತನೆಯೂ ಇದೆ, ಅದನ್ನು ಬೇರೆಯಾಗಿ ಗುರುತಿಸಬಹುದು. ಮೊದಲು ನೋಡಬೇಕಾದದ್ದು ನಡುವಿನ ಅವಧಿ. ತಿಂಗಳ ಹಿಂದೆ ಹೇಳಿದ್ದನ್ನು ಮತ್ತೆ ಹೇಳುವುದು ಒಂದು. ಹತ್ತು ನಿಮಿಷದ ಹಿಂದೆ, ಅದೇ ಕೂಟದಲ್ಲಿ, ಅದೇ ವ್ಯಕ್ತಿಗೆ ಹೇಳಿದ್ದನ್ನು ಹೇಳಿದ ಅರಿವೇ ಇಲ್ಲದೆ ಮತ್ತೆ ಆರಂಭಿಸುವುದು ಇನ್ನೊಂದು. ಎರಡನೆಯದು ಪದೇ ಪದೇ ಆಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಕಥೆಗಿಂತ ಪ್ರಶ್ನೆಗಳ ಪುನರಾವರ್ತನೆ ಹೆಚ್ಚು ಸೂಚಕ: ಉತ್ತರ ಪಡೆದ ಸ್ವಲ್ಪ ಹೊತ್ತಿಗೇ “ಅವರು ಎಷ್ಟು ಗಂಟೆಗೆ ಬರುತ್ತಾರೆ?” ಎಂದು ಮತ್ತೆ ಕೇಳುವವರಲ್ಲಿ ಹೊಸದಾಗಿ ಬಂದ ಸಂಗತಿ ಉಳಿಯುತ್ತಿಲ್ಲ. ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಬಾಧಿಸುವುದು ಹೊಸ ನೆನಪುಗಳನ್ನೇ. ಹಳೆಯ ಕಥೆಗಳು ಬಹುಕಾಲ ಉಳಿದಿರುತ್ತವೆ, ಆದ್ದರಿಂದಲೇ “ಐವತ್ತು ವರ್ಷದ ಹಿಂದಿನದೆಲ್ಲ ನೆನಪಿದೆ, ಇವರಿಗೇನೂ ಆಗಿಲ್ಲ” ಎಂಬ ಸಮಾಧಾನ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಹಣ ಎಣಿಸುವುದು, ಔಷಧಿ ತೆಗೆದುಕೊಳ್ಳುವುದು, ಪರಿಚಿತ ದಾರಿಯಲ್ಲಿ ಹೋಗಿ ಬರುವುದು, ಇಂಥವುಗಳಲ್ಲಿ ತೊಡಕು ಕಾಣಿಸಿಕೊಂಡಿದೆಯೇ ಎಂಬುದನ್ನೂ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹೋಲಿಕೆ ಬೇರೆಯವರೊಡನೆ ಬೇಡ, ಅವರದೇ ಹಿಂದಿನ ವರ್ಷದೊಡನೆ ಇರಲಿ. ಬದಲಾವಣೆ ಕಂಡರೆ ಅದು ಆಲ್ಜೈಮರ್ ಎಂದೇ ತೀರ್ಮಾನಿಸಬೇಕಾಗಿಲ್ಲ. ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಕೆಲವು ಔಷಧಿಗಳ ಪರಿಣಾಮ ಇವೂ ಹೀಗೆ ಕಾಣಿಸಿಕೊಳ್ಳಬಲ್ಲವು, ಮತ್ತು ಇವಕ್ಕೆ ಚಿಕಿತ್ಸೆಯಿದೆ.

ಕಾಯಿಲೆ ಖಚಿತವಾದ ಮನೆಯಲ್ಲಿ ನಾನು ಮೇಲೆ ಹೇಳಿದ ಒಂದು ಸಲಹೆಯನ್ನು ಕೈಬಿಡಬೇಕು. ‘ನೀವು ಆಗಲೇ ಹೇಳಿದ್ದೀರಿ’ ಎಂಬುದು ಅಲ್ಲಿ ಗುರುತಾಗಿ ಉಳಿಯುವುದಿಲ್ಲ, ನೋವಾಗಿ ಮಾತ್ರ ಉಳಿಯಬಹುದು. ಹೊಸ ವಿವರಕ್ಕಾಗಿ ಒತ್ತಾಯಿಸುವುದೂ ಅಲ್ಲಿ ಪರೀಕ್ಷೆಯಾಗುತ್ತದೆ. ಅಲ್ಲಿ ಕಥೆಯನ್ನು ಅವರು ಹೇಳಿದಂತೆಯೇ ಕೇಳುವುದು, ತಡವರಿಸಿದಾಗ ಮುಂದಿನ ಪದವನ್ನು ಮೆಲ್ಲನೆ ಎತ್ತಿಕೊಡುವುದು ಸಾಕು. ಮನೆಯವರಿಗೆ ಬಾಯಿಪಾಠವಾಗಿರುವ ಆ ವಾಕ್ಯಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಉಪನ್ಯಾಸದ ಕೊನೆಯಲ್ಲಿ ಬಂದ ಪ್ರಶ್ನೆಯೊಂದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಸಭೆಯಲ್ಲಿದ್ದ ಮಹಿಳೆಯೊಬ್ಬರು ಎದ್ದು, “ನಮ್ಮ ಅತ್ತೆ ಹೇಳುವುದು ಇಂಥ ಕಥೆಯಲ್ಲ ಸರ್. ಆಸ್ತಿ ಭಾಗ ಮಾಡುವಾಗ ತಮಗಾದ ಅನ್ಯಾಯವನ್ನೇ ಹೇಳುತ್ತಾರೆ. ಪ್ರತಿ ಸಲ ಹೇಳಿದ ಮೇಲೆ ಇನ್ನಷ್ಟು ಕುಗ್ಗುತ್ತಾರೆ. ಅದನ್ನೂ ಕೇಳುತ್ತಲೇ ಇರಬೇಕೇ?” ಎಂದು ಕೇಳಿದರು.

ಇದು ನ್ಯಾಯವಾದ ಪ್ರಶ್ನೆ. ವೆಬ್‌ಸ್ಟರ್ ಅವರ ಪಟ್ಟಿಯಲ್ಲಿ ಕಹಿಯನ್ನು ಕೆದಕುವುದೂ ಇದೆ ಎಂದೆನಷ್ಟೆ. ಆ ಬಗೆಯ ಮೆಲುಕು ಹೆಚ್ಚಾಗಿರುವ ಹಿರಿಯರಲ್ಲಿ ನೆಮ್ಮದಿ ಕಡಿಮೆಯಿರುವುದನ್ನು ಅಧ್ಯಯನಗಳು ಕಂಡಿವೆ. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂಬುದು ಎಲ್ಲ ಕಥೆಗಳಿಗೂ ನಿಜವಲ್ಲ. ಒಂದೇ ಗಾಯವನ್ನು ಒಂದೇ ಪದಗಳಲ್ಲಿ ಮತ್ತೆ ಮತ್ತೆ ಹೇಳುವುದರಿಂದ ಆ ದಾರಿಯೇ ಇನ್ನಷ್ಟು ಸವೆದು ಸುಲಭವಾಗುತ್ತದೆ. ನಾನು ಅವರಿಗೆ ಹೇಳಿದ್ದು ಇಷ್ಟು: ಅನ್ಯಾಯ ಆಗಿಲ್ಲವೆಂದು ವಾದಿಸಬೇಡಿ, ಏಕೆಂದರೆ ಕಥೆ ಮರುಕಳಿಸುತ್ತಿರುವುದು ಅದನ್ನು ಯಾರೂ ಒಪ್ಪಿಲ್ಲ ಎಂಬ ಕಾರಣದಿಂದಲೇ ಇರಬಹುದು. “ನಿಮಗೆ ಅನ್ಯಾಯವಾಗಿದೆ ಅತ್ತೆ” ಎಂದು ಒಮ್ಮೆ ಸ್ಪಷ್ಟವಾಗಿ, ಅವರ ಕಣ್ಣು ನೋಡಿ, ಹೇಳಿ. ಆಮೇಲೆ ಅದೇ ವರ್ಷಗಳ ಬಗ್ಗೆ, ಆದರೆ ಆ ಜಗಳದ ಹೊರಗಿನದನ್ನು ಕೇಳಿ: ಆಗ ಅವರ ಪರವಾಗಿ ನಿಂತವರು ಯಾರು, ಮುಂದಿನ ವರ್ಷ ಮನೆ ನಡೆಸಿದ್ದು ಹೇಗೆ, ಮಕ್ಕಳು ಆಗ ಎಷ್ಟು ದೊಡ್ಡವರಿದ್ದರು. ಇದರಿಂದ ಕಹಿ ಕರಗುತ್ತದೆ ಎಂದು ನಾನು ಹೇಳಲಾರೆ. ಜೊತೆಗೆ ನಿದ್ದೆ, ಊಟ ಕಡಿಮೆಯಾಗಿ, ದಿನದ ಹೆಚ್ಚಿನ ಹೊತ್ತು ಆ ಒಂದೇ ಮಾತು ಆವರಿಸಿಕೊಂಡಿದ್ದರೆ, ಅದು ಕೇಳುಗರ ಕೈ ಮೀರಿದ ಖಿನ್ನತೆಯಾಗಿರಬಹುದು. ಅಲ್ಲಿ ಸೊಸೆಯ ತಾಳ್ಮೆಯನ್ನು ಚಿಕಿತ್ಸೆಯ ಬದಲಿಗೆ ಬಳಸಬಾರದು, ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು.